ಫ್ಲೂ ಹೆಚ್ಚು ಹರಡುತ್ತದೆಯೇ, ನೆಗಡಿಯೇ? ಲೆಕ್ಕ ಹಾಕುವ ಬಗೆ

ಮನೆಯಲ್ಲಿ ಒಬ್ಬರಿಗೆ ನೆಗಡಿಯಾದರೆ ಎಲ್ಲರಿಗೂ ಬರುತ್ತದೆ, ಫ್ಲೂ ಅಷ್ಟಾಗಿ ಅಂಟುವುದಿಲ್ಲ ಎಂಬ ಮಾತು ಸಾಮಾನ್ಯ. ಅದು ನಿಜವೇ ಎಂದು ತಿಳಿಯಲು ತಜ್ಞರು ಎರಡು ಅಳತೆಗಳನ್ನು ಬಳಸುತ್ತಾರೆ. ಒಂದು ಗುಂಪಿನಲ್ಲಿ ನಿರ್ದಿಷ್ಟ ಅವಧಿಯೊಳಗೆ ಎಷ್ಟು ಪಾಲು ಜನ ಕಾಯಿಲೆ ಬಿದ್ದರು ಎಂಬುದು ದಾಳಿ ದರ. ಒಬ್ಬ ಸೋಂಕಿತ ಸರಾಸರಿ ಎಷ್ಟು ಜನರಿಗೆ ಸೋಂಕು ದಾಟಿಸುತ್ತಾನೆ ಎಂಬುದು ಪುನರುತ್ಪಾದನಾ ಸಂಖ್ಯೆ. ಇದನ್ನು R ಎಂದು ಬರೆಯುತ್ತಾರೆ. ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಗುಂಪಿನಲ್ಲಿ ಅದು R0 ಆಗುತ್ತದೆ.

ಮೊದಲ ಹೆಜ್ಜೆ, ಛೇದವನ್ನು ಸರಿಯಾಗಿ ಆರಿಸುವುದು. 1978ರ ಜನವರಿಯಲ್ಲಿ ಇಂಗ್ಲೆಂಡಿನ ಒಂದು ವಸತಿ ಶಾಲೆಯಲ್ಲಿ ಫ್ಲೂ ಹಬ್ಬಿ, ಎರಡು ವಾರಗಳೊಳಗೆ 763 ಹುಡುಗರಲ್ಲಿ 512 ಮಂದಿ ಹಾಸಿಗೆ ಹಿಡಿದರು. 512ನ್ನು 763ರಿಂದ ಭಾಗಿಸಿದರೆ 0.67, ಅಂದರೆ ದಾಳಿ ದರ ಶೇ 67. ಅದೇ ಶಾಲೆಯ ಸುಮಾರು 130 ವಯಸ್ಕರಲ್ಲಿ ಕಾಯಿಲೆ ಬಿದ್ದವರು ಒಬ್ಬರೇ. 1957ಕ್ಕೆ ಮೊದಲು ಇಂಥದೇ ವೈರಸ್ ಜನರ ನಡುವೆ ಓಡಾಡುತ್ತಿದ್ದುದರಿಂದ ದೊಡ್ಡವರು ಅದನ್ನು ಆಗಲೇ ಕಂಡಿದ್ದರು. ಇವರನ್ನೂ ಛೇದದಲ್ಲಿ ಸೇರಿಸಿದರೆ ದರ ಶೇ 57ಕ್ಕೆ ಇಳಿಯುತ್ತದೆ. ವೈರಸ್ಸಿನ ಗುಣ ಮಾತ್ರ ಬದಲಾಗಿರುವುದಿಲ್ಲ.

ಎರಡನೆಯದು, ದಾಳಿ ದರದಿಂದ R0 ಅಂದಾಜು ಮಾಡುವುದು. ಸೋಂಕಿನ ಅಲೆ ಪೂರ್ತಿ ಇಳಿದ ಮೇಲೆ, ಸೋಂಕಿಗೆ ಒಳಗಾದವರ ಪಾಲು A ಎಂದಾದರೆ, ಸೂತ್ರ ಹೀಗಿದೆ:

```
R0 = -ln(1 - A) / A
```

ಇಲ್ಲಿ ln ಎಂದರೆ ಸ್ವಾಭಾವಿಕ ಲಘುಗಣಕ. A ಜಾಗದಲ್ಲಿ 0.67 ಇಟ್ಟರೆ ಉತ್ತರ ಸುಮಾರು 1.65. ಆದರೆ ಅದೇ ಶಾಲೆಯಲ್ಲಿ ಪ್ರತಿದಿನ ಹಾಸಿಗೆಯಲ್ಲಿದ್ದವರ ಸಂಖ್ಯೆ ಏರಿದ ವೇಗವನ್ನು ಗಣಿತದ ಮಾದರಿಗೆ ಹೊಂದಿಸಿದವರಿಗೆ ಸಿಕ್ಕಿದ್ದು 3.5ಕ್ಕೂ ಮೇಲಿನ ಸಂಖ್ಯೆ. ಇಷ್ಟು ಅಂತರ ಕಂಡಾಗ ಲೆಕ್ಕ ತಪ್ಪಿತೆಂದು ಕೈಬಿಡುವ ಬದಲು, ಸೂತ್ರವು ಮೊದಲೇ ಒಪ್ಪಿಕೊಂಡು ಹೊರಟಿದ್ದೇನು ಎಂದು ನೋಡಬೇಕು. ಸೂತ್ರವು ಎಲ್ಲ ಹುಡುಗರೂ ಸೋಂಕಿಗೆ ಸಮಾನವಾಗಿ ತೆರೆದಿದ್ದರು ಎಂದೂ, ಸೋಂಕು ತಗುಲಿದವರೆಲ್ಲ ಹಾಸಿಗೆ ಹಿಡಿದರು ಎಂದೂ ಊಹಿಸುತ್ತದೆ. ಕೆಲವರಿಗೆ ಲಕ್ಷಣವೇ ಇಲ್ಲದೆ ಸೋಂಕು ಬಂದು ಹೋಗಿದ್ದರೆ ನಿಜವಾದ A ಹೆಚ್ಚು, R0 ಕೂಡ ಹೆಚ್ಚು. ಅಲ್ಲದೆ ಒಟ್ಟಿಗೆ ಉಂಡು ಮಲಗುವ ವಸತಿ ಶಾಲೆಯ ಸಂಖ್ಯೆ ಊರಿಗೆ ಹೊಂದುವುದಿಲ್ಲ. ಪ್ರತಿವರ್ಷದ ಫ್ಲೂಗೆ ಸಮುದಾಯದಲ್ಲಿ ಕಂಡುಬರುವ R ಸುಮಾರು 1.3 ಮಾತ್ರ.

ನೆಗಡಿಯ ಜೊತೆ ಹೋಲಿಸಲು ಹೊರಟಾಗ ಕೆಲಸ ಕಷ್ಟವಾಗುತ್ತದೆ, ಏಕೆಂದರೆ ನೆಗಡಿ ಒಂದೇ ಕಾಯಿಲೆಯಲ್ಲ. ಅದಕ್ಕೆ ಮುಖ್ಯ ಕಾರಣವಾದ ರೈನೊವೈರಸ್‌ನಲ್ಲೇ 160ಕ್ಕೂ ಹೆಚ್ಚು ಬಗೆಗಳಿವೆ, ಒಂದರ ವಿರುದ್ಧ ಬೆಳೆದ ಶಕ್ತಿ ಇನ್ನೊಂದರ ವಿರುದ್ಧ ಅಷ್ಟಾಗಿ ಕೆಲಸ ಮಾಡುವುದಿಲ್ಲ. ವರ್ಷಕ್ಕೆ ಎರಡು ಮೂರು ಸಲ ನೆಗಡಿಯಾಗುತ್ತದೆ ಎಂಬುದರಿಂದ ಅದರ R ದೊಡ್ಡದು ಎಂದು ಹೇಳಲು ಬಾರದು. ಚಿಕ್ಕ R ಇರುವ ಹಲವು ವೈರಸ್‌ಗಳು ಸರದಿಯಲ್ಲಿ ಬಂದರೂ ಹಾಗೆಯೇ ಕಾಣುತ್ತದೆ.

ಆದ್ದರಿಂದ ತಜ್ಞರು ಮನೆಗಳನ್ನು ಹಿಡಿಯುತ್ತಾರೆ. ಮೊದಲ ರೋಗಿಯನ್ನು ಬಿಟ್ಟು, ಅದೇ ಮನೆಯ ಉಳಿದವರಲ್ಲಿ ಎಷ್ಟು ಪಾಲು ಜನರಿಗೆ ಸೋಂಕು ಬಂತು ಎಂಬುದು ದ್ವಿತೀಯ ದಾಳಿ ದರ. ಒಂದು ಕಾಲ್ಪನಿಕ ಲೆಕ್ಕ: 40 ಮನೆಗಳಲ್ಲಿ ತಲಾ ಒಬ್ಬರಿಗೆ ಫ್ಲೂ, ಜೊತೆಗಿರುವವರು ಒಟ್ಟು 120. ಒಂದು ವಾರದಲ್ಲಿ 26 ಮಂದಿಗೆ ಕಾಯಿಲೆ. ಅವರಲ್ಲಿ 6 ಮಂದಿಗೆ ಮೊದಲ ರೋಗಿಯ ದಿನವೇ ಲಕ್ಷಣ. ಈ ಆರು ಮಂದಿ ಹೊರಗೆ ಜೊತೆಯಾಗಿಯೇ ಸೋಂಕು ತಂದಿರುವ ಸಾಧ್ಯತೆ ಹೆಚ್ಚಾದ್ದರಿಂದ ಅವರನ್ನು ಮೇಲೂ ಕೆಳಗೂ ಕಳೆಯಬೇಕು. ಆಗ 114ರಲ್ಲಿ 20, ಅಂದರೆ ಶೇ 17.5. ಕಳೆಯದಿದ್ದರೆ ಶೇ 21.7 ಬರುತ್ತಿತ್ತು.

ನೆಗಡಿಗೂ ಇದೇ ಕ್ರಮ, ಆದರೆ ಎರಡು ಕಡೆ ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯು ಫ್ಲೂ ತರಹದ ಕಾಯಿಲೆಯ ನಿಗಾಕ್ಕೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚಿನ ಜ್ವರ ಮತ್ತು ಕೆಮ್ಮನ್ನು ಗುರುತಾಗಿ ಇಟ್ಟಿದೆ. ದೊಡ್ಡವರ ನೆಗಡಿಯಲ್ಲಿ ಜ್ವರ ಅಪರೂಪ, ಹಾಗಾಗಿ ಆ ಜರಡಿಯಲ್ಲಿ ನೆಗಡಿಯವರು ಬಹುಪಾಲು ಸೋರಿಹೋಗುತ್ತಾರೆ. ಲಕ್ಷಣ ನೋಡದೆ ಎಲ್ಲರ ಮೂಗಿನ ಮಾದರಿಯನ್ನೂ ಪಿಸಿಆರ್ ಪರೀಕ್ಷೆಗೆ ಕಳಿಸಿದರೆ ತಪ್ಪು ಇನ್ನೊಂದು ದಿಕ್ಕಿಗೆ ಹೊರಳುತ್ತದೆ. ಮಕ್ಕಳ ಮೂಗಿನಲ್ಲಿ ಹಳೆಯ ನೆಗಡಿಯ ರೈನೊವೈರಸ್ ವಾರಗಟ್ಟಲೆ ಪತ್ತೆಯಾಗುತ್ತಿರುತ್ತದೆ, ಅದನ್ನು ಹೊಸ ಸೋಂಕೆಂದು ಎಣಿಸಿಬಿಡುವ ಅಪಾಯವಿದೆ. ಇದಕ್ಕಾಗಿ ಮನೆಯ ಎಲ್ಲರಿಂದ ಮೊದಲ ದಿನವೇ ಮಾದರಿ ತೆಗೆದು, ಆಗಲೇ ವೈರಸ್ ಇದ್ದವರನ್ನು ಹೊರಗಿಟ್ಟು, ಆಮೇಲೆ ಸಿಕ್ಕ ವೈರಸ್ಸಿನ ಆನುವಂಶಿಕ ಅನುಕ್ರಮವನ್ನು ಮೊದಲ ರೋಗಿಯದರೊಡನೆ ಹೋಲಿಸುತ್ತಾರೆ. ಬಗೆ ಬೇರೆಯಾದರೆ ಆ ನೆಗಡಿ ಅದೇ ಮನೆಯಲ್ಲಿ ಅದೇ ವಾರ ಬಂದಿದ್ದರೂ ಮೊದಲ ರೋಗಿಯ ಲೆಕ್ಕಕ್ಕೆ ಸೇರುವುದಿಲ್ಲ.