ಕಾರು ತೆಗೆದ ಜಾಗದಲ್ಲಿ ರಸ್ತೆ ಹಾಸಿದ ಕಥೆ: ನನ್ನ ಅನುಭವ

ಒಂದು ಕಟ್ಟಡದ ಮುಂಭಾಗದ ಫೋಟೋ. ರಸ್ತೆಯ ಆಚೆ ಬದಿಯಿಂದ ಓರೆಯಾಗಿ ತೆಗೆದದ್ದು. ಅದರ ಮುಂದೆ, ಫುಟ್‌ಪಾತ್‌ಗೆ ಒತ್ತಿಕೊಂಡು ಒಂದು ಬೂದು ಬಣ್ಣದ ಕಾರು. ಚಿತ್ರದ ಅಗಲದಲ್ಲಿ ಹೆಚ್ಚುಕಡಿಮೆ ಐದನೇ ಒಂದು ಭಾಗವನ್ನು ಅದೇ ನುಂಗಿತ್ತು. ಅದನ್ನು ತೆಗೆಯಬೇಕು, ಚಿತ್ರವನ್ನು ದೊಡ್ಡದಾಗಿ ಮುದ್ರಿಸುತ್ತಾರೆ ಎಂಬುದು ಕೆಲಸ. ರೀಟಚಿಂಗ್ ಮಾಡುವ ಇಬ್ಬರು ಗೆಳೆಯರಿಗೆ ತೋರಿಸಿದೆ. ಒಬ್ಬರು "ಮತ್ತೆ ಫೋಟೋ ತೆಗೆಯಲು ಹೇಳಿ" ಎಂದರು. ಇನ್ನೊಬ್ಬರು, ನಾನು ಹೇಳಿದ ವಿಧಾನ ಕೇಳಿ, "ರಸ್ತೆಯನ್ನು ಚಪ್ಪಟೆ ಮಾಡಿ ಮತ್ತೆ ಓರೆ ಮಾಡಿದರೆ ಎಲ್ಲವೂ ಮಸುಕಾಗುತ್ತದೆ, ಸುಮ್ಮನೆ ಸಮಯ ಹಾಳು" ಎಂದರು. ಈ ಬರಹ ಮುಖ್ಯವಾಗಿ ಆ ಎರಡನೆಯವರಿಗೆ.

ಮೊದಲ ಸಲ ನಾನೂ ಎಲ್ಲರಂತೆಯೇ ಮಾಡಿದೆ. ಫೋಟೋಶಾಪ್‌ನಲ್ಲಿ ಕಾರಿನ ಸುತ್ತ ಸೆಲೆಕ್ಷನ್ ಹಾಕಿ, ಸುತ್ತಲಿನದನ್ನು ನೋಡಿ ಖಾಲಿ ಜಾಗವನ್ನು ತಾನೇ ತುಂಬುವ ಕಂಟೆಂಟ್ ಅವೇರ್ ಫಿಲ್ ಒತ್ತಿದೆ. ಫುಟ್‌ಪಾತ್‌ನ ಅಂಚುಗಲ್ಲು ಮಧ್ಯದಲ್ಲಿ ಮುರಿದು ಹಾವಿನಂತೆ ಬಳುಕಿತು. ಒಂದು ಕಡೆ ಪಕ್ಕದ ಕಿಟಕಿಯ ಸರಳು ರಸ್ತೆಯ ಮೇಲೆ ಬಂದು ಕುಳಿತಿತ್ತು. ಅದನ್ನು ಬಿಟ್ಟು ಕ್ಲೋನ್ ಸ್ಟಾಂಪ್ ಹಿಡಿದು ಎರಡು ರಾತ್ರಿ ಕುಳಿತೆ. ಒಪ್ಪಿಸಿದ ಚಿತ್ರ ಮರುದಿನವೇ ವಾಪಸ್ ಬಂತು, ಜೊತೆಗೆ ಒಂದೇ ಸಾಲು: "ಕಾರು ಹೋಗಿದೆ, ಆದರೆ ಕಾರು ಇದ್ದದ್ದು ಕಾಣುತ್ತದೆ."

ಬೇಸರವಾಯಿತು, ಆದರೆ ಮಾತು ನಿಜ. ದೂರದ ಡಾಂಬರಿನ ಜಲ್ಲಿ ಮತ್ತು ಹತ್ತಿರದ ಡಾಂಬರಿನ ಜಲ್ಲಿ ಒಂದೇ ಗಾತ್ರದಲ್ಲಿದ್ದವು. ಹಾಗಾಗಿ ರಸ್ತೆ ಮಲಗಿರಲಿಲ್ಲ, ಗೋಡೆಯಂತೆ ಎದ್ದು ನಿಂತಿತ್ತು. ಕಾರಿನ ಅಡಿಯ ನೆರಳೂ ಪೂರ್ತಿ ಹೋಗಿರಲಿಲ್ಲ. ಆ ನೆರಳು ಟೈರಿನ ಬಳಿ ಮುಗಿಯುವುದಿಲ್ಲ. ಕಣ್ಣಿಗೆ ಕಾಣದಷ್ಟು ತೆಳುವಾಗಿ ಹೊರಗೆ ಹರಡಿರುತ್ತದೆ. ಮೇಲೆ ಒಂದು ಕರ್ವ್ಸ್ ಲೇಯರ್ ಹಾಕಿ ಕಾಂಟ್ರಾಸ್ಟನ್ನು ಕಡಿದಾಗಿ ಏರಿಸಿ ನೋಡಿದಾಗ, ನನ್ನ ಸೆಲೆಕ್ಷನ್‌ನ ಹೊರಗೆ ಇನ್ನೂ ಒಂದು ಗೇಣು ಕಪ್ಪು ಉಂಗುರ ಉಳಿದಿತ್ತು. ಅಂದಿನಿಂದ ಆ ಲೇಯರ್ ಇಲ್ಲದೆ ನಾನು ಸೆಲೆಕ್ಷನ್ ಹಾಕುವುದಿಲ್ಲ.

ಒಪ್ಪಿಕೊಂಡದ್ದು ಒಟ್ಟು ಮೊತ್ತಕ್ಕೆ. ಎರಡು ದಿನದ ಕೂಲಿ ಎಂದು ಲೆಕ್ಕ ಹಾಕಿದ್ದ ಕೆಲಸ ಆಗಲೇ ನಾಲ್ಕು ದಿನ ತಿಂದಿತ್ತು. ಮುಂಗಡ ಅರ್ಧ ಬಂದಿತ್ತು, ಉಳಿದರ್ಧದ ಆಸೆ ಬಿಡಬೇಕೆನಿಸಿತ್ತು. ಹೇಗೂ ನಷ್ಟವೇ, ತಲೆಯಲ್ಲಿದ್ದ ವಿಧಾನವನ್ನು ಒಮ್ಮೆ ಮಾಡಿಯೇ ನೋಡೋಣ ಎಂದು ಹಟ ಹಿಡಿದೆ.

ವಿಚಾರ ಸರಳ. ರಸ್ತೆಯನ್ನು ಮೇಲಿನಿಂದ ಕಂಡಂತೆ ಚಪ್ಪಟೆ ಮಾಡಿದರೆ ಜಲ್ಲಿಯ ಗಾತ್ರ ಎಲ್ಲೆಡೆ ಒಂದೇ ಆಗುತ್ತದೆ, ಹಾಸುಗಲ್ಲಿನ ಸಂದುಗಳು ನೇರ ಚೌಕಗಳಾಗುತ್ತವೆ. ಅಲ್ಲಿ ರಿಪೇರಿ ಮಾಡಿ ವಾಪಸ್ ಓರೆ ಮಾಡಿದರೆ, ದೂರ ಹೋದ ಹಾಗೆ ಎಲ್ಲವೂ ತಾನಾಗಿಯೇ ಕಿರಿದಾಗುತ್ತದೆ. ಮಸುಕಿನ ಭಯಕ್ಕೆ ಉತ್ತರವೂ ಇಲ್ಲೇ ಇದೆ. ಚಪ್ಪಟೆ ನೋಟದಲ್ಲಿ ದೂರದ ಭಾಗ ಎಳೆದ ರಬ್ಬರಿನಂತೆ ಮಸುಕಾಗಿ ಕಾಣುವುದು ನಿಜ. ಆದರೆ ವಾಪಸ್ ಹೋಗುವಾಗ ಅದು ಅಷ್ಟೇ ಕುಗ್ಗುತ್ತದೆ. ಪಾಲಿಸಬೇಕಾದದ್ದು ಒಂದೇ: ತೇಪೆಯನ್ನು ಯಾವಾಗಲೂ ಕ್ಯಾಮೆರಾಗೆ ಹತ್ತಿರದ ರಸ್ತೆಯಿಂದ ತೆಗೆದು ದೂರಕ್ಕೆ ಹಾಕಬೇಕು. ದೂರದ್ದನ್ನು ತಂದು ಹತ್ತಿರಕ್ಕೆ ಹಾಕಿದರೆ ಗೆಳೆಯರು ಹೇಳಿದ ಮಸುಕು ಖಂಡಿತ.

ಆದರೂ ಮೊದಲ ಪ್ರಯತ್ನ ಕೆಟ್ಟಿತು, ಬೇರೆ ಕಾರಣಕ್ಕೆ. ರಸ್ತೆ, ಅಂಚುಗಲ್ಲು, ಫುಟ್‌ಪಾತ್ ಮೂರನ್ನೂ ಒಟ್ಟಿಗೆ ಚಪ್ಪಟೆ ಮಾಡಿಬಿಟ್ಟಿದ್ದೆ. ಅಂಚುಗಲ್ಲಿನ ಮುಖ ನಿಂತಿರುವ ಸಮತಲ, ಮಲಗಿರುವುದಲ್ಲ. ಚಪ್ಪಟೆ ನೋಟದಲ್ಲಿ ನಿಂತ ಗೆರೆಗಳೆಲ್ಲ ಕ್ಯಾಮೆರಾದ ಕಾಲಬುಡದಿಂದ ಚಿಮ್ಮಿದ ಕಿರಣಗಳಂತೆ, ಒಂದೊಂದು ಒಂದೊಂದು ಕೋನದಲ್ಲಿ ವಾಲುತ್ತವೆ. ನಾನು ಒಂದು ಕಲ್ಲಿನ ಸಂದನ್ನು ನಕಲು ಮಾಡಿ ಸಾಲಾಗಿ ಇಟ್ಟಿದ್ದೆ. ವಾಪಸ್ ಓರೆ ಮಾಡಿದಾಗ ಅಂಚುಗಲ್ಲುಗಳು ಸೊಟ್ಟ ಹಲ್ಲುಗಳಂತೆ ಒಂದರ ಮೇಲೊಂದು ಒರಗಿದ್ದವು. ಆ ಮೇಲೆ ಮೂರನ್ನೂ ಬೇರೆ ಬೇರೆ ಚಪ್ಪಟೆ ಮಾಡಿದೆ: ರಸ್ತೆಗೊಂದು, ಫುಟ್‌ಪಾತ್‌ಗೊಂದು, ಅಂಚುಗಲ್ಲಿನ ಮುಖಕ್ಕೊಂದು. ಫುಟ್‌ಪಾತ್ ರಸ್ತೆಗಿಂತ ಒಂದು ಗೇಣು ಎತ್ತರದಲ್ಲಿರುವುದರಿಂದ ಒಂದರ ಅಳತೆ ಇನ್ನೊಂದಕ್ಕೆ ಹೊಂದುವುದಿಲ್ಲ. ಆದರೆ ಮೂರರಲ್ಲೂ ಉದ್ದಕ್ಕೆ ಹೋಗುವ ಗೆರೆಗಳು ಒಂದೇ ಬಿಂದುವಿನಲ್ಲಿ ಸೇರಬೇಕು. ನನ್ನ ಚಿತ್ರದಲ್ಲಿ ಆ ಬಿಂದು ಎಡಗಡೆ ಚೌಕಟ್ಟಿನ ಹೊರಗಿತ್ತು, ಕ್ಯಾನ್ವಾಸ್ ಅಗಲ ಮಾಡಿ ಗೆರೆ ಎಳೆದೆ.

ಗೆರೆಗಳು ಸೇರಲಿಲ್ಲ. ನಾಲ್ಕು ಗೆರೆಗಳಲ್ಲಿ ಎರಡು ಒಂದೆಡೆ, ಎರಡು ಇನ್ನೊಂದೆಡೆ. ಜೊತೆಗೆ ಇನ್ನೊಂದು ತಲೆನೋವು: ಕಾರಿನ ಎಡಕ್ಕೆ ಕಾಣುವ ಕಲ್ಲುಗಳ ಅಳತೆಯಿಂದ ಲೆಕ್ಕ ಹಾಕಿದರೆ ಮರೆಯಾದ ಜಾಗದಲ್ಲಿ ನಾಲ್ಕೂಮುಕ್ಕಾಲು ಕಲ್ಲು ಹಿಡಿಯುತ್ತಿತ್ತು. ಕಾರಿನ ಹಿಂದೆ ಯಾರೋ ಕಲ್ಲು ಕತ್ತರಿಸಿ ಹಾಕಿರಬಹುದೆಂದು ಅರ್ಧ ದಿನ ನಂಬಿದ್ದೆ. ನಿಜವಾದ ಕಾರಣ ಲೆನ್ಸ್. ಅಗಲ ಕೋನದ ಲೆನ್ಸ್ ಅಂಚಿನ ಗೆರೆಗಳನ್ನು ಬಗ್ಗಿಸಿತ್ತು, ಇಡೀ ಉದ್ದಕ್ಕೆ ಎಂಟು ಹತ್ತು ಪಿಕ್ಸೆಲ್ ಇರಬೇಕು. ಲೆನ್ಸ್ ಪ್ರೊಫೈಲ್ ಹಾಕಿ ನೇರ ಮಾಡಿದ ಮೇಲೆ ಗೆರೆಗಳು ಒಂದೇ ಕಡೆ ಸೇರಿದವು, ಕಲ್ಲುಗಳೂ ಸರಿಯಾಗಿ ಐದು ಬಂದವು. ಈಗ ಕಲ್ಲೆಣಿಕೆಯೇ ನನ್ನ ತಾಳೆ. ಪೂರ್ಣಸಂಖ್ಯೆ ಬರದಿದ್ದರೆ ಬ್ರಷ್ ಮುಟ್ಟುವುದಿಲ್ಲ.

ಚಪ್ಪಟೆ ಮಾಡಲು ನಾಲ್ಕು ಮೂಲೆ ಹಿಡಿದು ಡಿಸ್ಟಾರ್ಟ್ ಮಾಡಿದರೂ ಸಾಕು. ನಾನು ಕೈಯಲ್ಲಿ ಮಾಡಿದಾಗ ವಾಪಸ್ ಬರುವಾಗ ಒಂದೆರಡು ಪಿಕ್ಸೆಲ್ ಜಾರುತ್ತಿತ್ತು, ಅದಕ್ಕೆ ಪೈಥಾನ್ ಮೊರೆ ಹೋದೆ. `src` ಎಂಬುದು ಫೋಟೋದಲ್ಲಿನ ನಾಲ್ಕು ಮೂಲೆ, `dst` ಚಪ್ಪಟೆ ನೋಟದ ನಾಲ್ಕು ಮೂಲೆ. `fw, fh` ಚಪ್ಪಟೆ ನೋಟದ ಅಗಲ ಮತ್ತು ಎತ್ತರ, `w, h` ಫೋಟೋದ್ದು.

```
M = cv2.getPerspectiveTransform(src, dst)
flat = cv2.warpPerspective(img, M, (fw, fh))
# flat ರಿಪೇರಿ ಮಾಡಿ fixed ಎಂದು ಉಳಿಸಿ
back = cv2.warpPerspective(fixed, M, (w, h),
    flags=cv2.INTER_LINEAR | cv2.WARP_INVERSE_MAP)
```

ಹೋದ ದಾರಿಯಲ್ಲೇ ವಾಪಸ್ ಬರುವುದರಿಂದ ಜಾರುವ ಪ್ರಶ್ನೆಯೇ ಇಲ್ಲ. ತೊಂದರೆಯೊಂದು ಉಂಟು: ದೂರದ ಜಲ್ಲಿ ತೀರಾ ಕುಗ್ಗುವಾಗ ಸಕ್ಕರೆ ಹರಳಿನಂತೆ ಮಿನುಗುತ್ತದೆ. ಫೋಟೋದ ಎರಡರಷ್ಟು ಗಾತ್ರಕ್ಕೆ ವಾಪಸ್ ತಂದು, ಅಲ್ಲಿಂದ ಅರ್ಧಕ್ಕೆ ಇಳಿಸಿದರೆ ಬಹುಪಾಲು ಹೋಗುತ್ತದೆ. ವಾಪಸ್ ಬಂದದ್ದನ್ನು ಕಾರಿದ್ದ ಜಾಗಕ್ಕೆ ಮಾತ್ರ ಮಾಸ್ಕ್ ಹಾಕಿ ಸೇರಿಸಿದೆ, ಉಳಿದ ಫೋಟೋ ಮುಟ್ಟಲಿಲ್ಲ.

ಬೆಳಕು ಮತ್ತು ಜಲ್ಲಿಯನ್ನು ಒಟ್ಟಿಗೆ ನಕಲು ಮಾಡಬಾರದು ಎಂಬುದು ನಿಮಗೆ ಗೊತ್ತಿರುವುದೇ. ಬೆಳಕಿನ ಏರಿಳಿತವನ್ನು ಕೆಳಗಿನ ಲೇಯರ್‌ನಲ್ಲಿ ದೊಡ್ಡ ಮೃದು ಬ್ರಷ್‌ನಿಂದ ತುಂಬಿ, ಮೇಲೆ ಜಲ್ಲಿಯನ್ನು ಮಾತ್ರ ಕೂರಿಸಿದೆ. ಜಲ್ಲಿಯಿಂದ ಬೆಳಕನ್ನು ಬೇರ್ಪಡಿಸುವ ಬ್ಲರ್ ಎಷ್ಟು ಎಂದು ಕೇಳಬೇಡಿ, ಅದನ್ನು ಕಂಡುಕೊಳ್ಳಲು ನನಗೆ ಸಾಕಷ್ಟು ಸಮಯ ಹಿಡಿದಿದೆ. ಜಲ್ಲಿಯ ಗಾತ್ರಕ್ಕೂ ಅದಕ್ಕೂ ಸಂಬಂಧ ಇದೆ ಎಂದಷ್ಟೇ ಹೇಳುತ್ತೇನೆ.

ಮಧ್ಯೆ ಒಂದು ಅಡ್ಡದಾರಿ ಹಿಡಿದೆ. ಬೇರೊಂದು ರಸ್ತೆಯನ್ನು ನೇರ ಮೇಲಿನಿಂದ ಫೋಟೋ ತೆಗೆದು ಆ ಡಾಂಬರನ್ನೇ ಹಾಸಿದರೆ ಹೇಗೆ ಎಂದು ನೋಡಿದೆ. ಹಾಸಿದ ಮೇಲೆ ಜಲ್ಲಿಗಳು ಉಬ್ಬಿರುವ ಬದಲು ಕುಳಿಗಳಂತೆ ಕಂಡವು. ಮೂಲ ಫೋಟೋದಲ್ಲಿ ಬಿಸಿಲು ಎಡದಿಂದ, ನನ್ನದರಲ್ಲಿ ಬಲದಿಂದ. ತಿರುಗುಮುರುಗು ಮಾಡಿದ ತಕ್ಷಣ ಕುಳಿಗಳೆಲ್ಲ ಜಲ್ಲಿಗಳಾದವು! ಆದರೂ ಬಣ್ಣ ಹೊಂದಲಿಲ್ಲ, ಕೈಬಿಟ್ಟೆ. ಅದರಿಂದ ಕಲಿತದ್ದು, ತೇಪೆ ಗುರುತು ಸಿಗದಿರಲಿ ಎಂದು ತುಂಡುಗಳನ್ನು ಕನ್ನಡಿಯಂತೆ ತಿರುಗಿಸುವ ನನ್ನ ಹಳೆಯ ಅಭ್ಯಾಸವೇ ತಪ್ಪು ಎಂದು.

ಅಂಚುಗಲ್ಲಿಗೆ ಒಂದು ಇಡೀ ದಿನ ಹೋಯಿತು. ಶೇಕಡಾ ಇನ್ನೂರರಷ್ಟು ಜೂಮ್ ಮಾಡಿ ನೋಡಿ: ಅದು ಒಂದು ಗೆರೆಯಲ್ಲ, ಮೂರು ಪಟ್ಟಿ. ಮೇಲೆ ಸವೆದು ದುಂಡಾದ ಅಂಚಿನಲ್ಲಿ ಮೂರು ನಾಲ್ಕು ಪಿಕ್ಸೆಲ್ ಬೆಳಕು. ನಡುವೆ ಮಂಕಾದ ಮುಖ, ಟೈರು ಉಜ್ಜಿದ ಕಪ್ಪು ಗೀರು. ಬುಡದಲ್ಲಿ ಧೂಳು, ಒಣಗಿದ ಎಲೆಚೂರು, ಅದರ ಕೆಳಗೆ ಕೂದಲೆಳೆಯಷ್ಟು ಕಪ್ಪು. ಈ ಬುಡದ ಧೂಳನ್ನು ಹಾಕದಿದ್ದರೆ ಕಲ್ಲು ರಸ್ತೆಯ ಮೇಲೆ ತೇಲುತ್ತದೆ. ಕಲ್ಲುಗಳು ಸ್ಕೇಲ್ ಇಟ್ಟಂತೆ ಕೂತರೂ ಕೆಡುತ್ತದೆ. ಪಕ್ಕದ ನಿಜವಾದ ಕಲ್ಲುಗಳನ್ನು ಅಳೆದರೆ ಒಂದೊಂದೂ ಒಂದು ಪಿಕ್ಸೆಲ್ ಹಿಂದೆಮುಂದೆ ಇದ್ದವು, ನನ್ನ ಐದನ್ನೂ ಹಾಗೆಯೇ ಕದಲಿಸಿದೆ. ಕಲ್ಲಿನ ಮುರಿದ ಮೂಲೆ ಮಾಡುವ ಒಂದು ಉಪಾಯ ಇದೆ, ಅದು ಸದ್ಯ ನನ್ನ ಬಳಿಯೇ ಇರಲಿ.

ಕೊನೆಗೆ ಉಳಿದದ್ದು ಕಂಬದ ನೆರಳು. ರಸ್ತೆ ದಾಟಿ ಬಂದು ಕಾರಿನ ಬಾನೆಟ್ ಹತ್ತಿದ್ದ ನೆರಳು ಈಗ ಮಧ್ಯದಲ್ಲಿ ತುಂಡಾಗಿತ್ತು. ರಸ್ತೆಯ ಮೇಲೆ ನೇರ ಮುಂದುವರಿಸಿ ಫುಟ್‌ಪಾತ್‌ಗೂ ಅದೇ ಗೆರೆಯನ್ನು ಎಳೆದೆ, ನೋಡಿದರೆ ಅಂಚುಗಲ್ಲೇ ಮಾಯವಾದಂತೆ ಎರಡೂ ಒಂದೇ ಮಟ್ಟಕ್ಕೆ ಬಂದಿದ್ದವು. ನೆರಳು ಕಲ್ಲಿನ ಮುಖದ ಮೇಲೆ ದಿಕ್ಕು ಬದಲಿಸಿ ಹತ್ತಬೇಕು, ಮೇಲೆ ಹೋಗಿ ಮತ್ತೆ ಮೊದಲಿನ ದಿಕ್ಕನ್ನೇ ಹಿಡಿಯಬೇಕು. ಆದರೆ ಅದೇ ಗೆರೆಯ ನೇರಕ್ಕಲ್ಲ, ಸ್ವಲ್ಪ ಪಕ್ಕಕ್ಕೆ ಸರಿದು. ಎಷ್ಟು ಸರಿಯಬೇಕೆಂಬುದನ್ನು ಚಿತ್ರದಲ್ಲೇ ಇನ್ನೊಂದು ಕಂಬದ ನೆರಳು ತೋರಿಸುತ್ತಿತ್ತು, ಅದನ್ನು ನೋಡಿ ಹಾಕಿದೆ.

ಹೊಸ ಭಾಗದಲ್ಲಿ ಕ್ಯಾಮೆರಾದ ನಾಯ್ಸ್ ಸತ್ತಿತ್ತು, ಪಕ್ಕದ ರಸ್ತೆಗೆ ಹೊಂದುವಷ್ಟು ಸೇರಿಸಿದೆ. ಚಿತ್ರವನ್ನು ತಲೆಕೆಳಗು ಮಾಡಿ, ಬೆರಳುಗುರಿನಷ್ಟು ಚಿಕ್ಕದು ಮಾಡಿ ನೋಡಿದೆ. ಮರುಕಳಿಸಿದ ಎರಡು ಕಲೆಗಳು ಹಾಗೆ ಸಿಕ್ಕವು.

ಎರಡನೇ ಸಲ ಒಪ್ಪಿಸಿದ್ದಕ್ಕೆ ತಕರಾರಿಲ್ಲದೆ ಉಳಿದ ಹಣ ಬಂತು. ಲೆಕ್ಕ ಹಾಕಿದರೆ ಎರಡು ದಿನದ ಕೂಲಿಗೆ ಹತ್ತಿರ ಹತ್ತಿರ ಒಂಬತ್ತು ದಿನದ ದುಡಿಮೆ. ಅದಾದ ಮೇಲೆ ಇಂಥದ್ದೇ ಇನ್ನೊಂದು ಚಿತ್ರ ಬಂದಾಗ ಒಂದೂವರೆ ದಿನದಲ್ಲಿ ಮುಗಿಸಿದೆ, ಕೇಳಿದ್ದು ಮೊದಲಿನ ದುಪ್ಪಟ್ಟು. ಮಸುಕಾಗುತ್ತದೆ ಎಂದಿದ್ದ ಗೆಳೆಯರಿಗೆ ಮೊದಲ ಚಿತ್ರದ ಫೈಲ್ ಕಳಿಸಿದೆ. ಅವರು ರಸ್ತೆಯನ್ನು ಇಂಚಿಂಚು ಜೂಮ್ ಮಾಡಿ ನೋಡಿ, ಏನೂ ಸಿಗದೆ, ಕೊನೆಗೆ ಕಟ್ಟಡದ ಗಾಜಿನ ಬಾಗಿಲಿನ ಮೇಲೆ ಬೆರಳಿಟ್ಟರು. ಅದರಲ್ಲಿ ಪ್ರತಿಬಿಂಬವಾಗಿ ಬೂದು ಕಾರು ಇನ್ನೂ ನಿಂತಿತ್ತು. ಅರ್ಧ ಗಂಟೆಯಲ್ಲಿ ಅಳಿಸಿ, ಮುದ್ರಣಕ್ಕೆ ಹೋಗುವ ಮೊದಲೇ ಹೊಸ ಫೈಲ್ ಕಳಿಸಿದೆ.