ಮಳೆಗಾಲದಲ್ಲಿ ಬೆಂಜಿಲ್ ಸುಟ್ಟು ಸೂತ್ರ ತೆಗೆದದ್ದು: ನನ್ನ ಅನುಭವ

ಕರಾವಳಿಯ ಹವೆಯಲ್ಲಿ, ಕೈಯಿಂದ ಜೋಡಿಸಿದ ಕೊಳವೆಯಲ್ಲಿ ದಹನ ವಿಶ್ಲೇಷಣೆ ಆಗುವ ಕೆಲಸವಲ್ಲ ಎಂದು ನಮ್ಮ ವಿಭಾಗದಲ್ಲೇ ಹೇಳಿದವರಿದ್ದರು. ಹೊರಗೆ ಮೆಷಿನ್‌ಗೆ ಕೊಟ್ಟರೆ ಒಂದು ಸ್ಯಾಂಪಲ್‌ಗೆ ಹೆಚ್ಚುಕಡಿಮೆ 1,000 ರೂಪಾಯಿ, ಸುಮ್ನೆ ಯಾಕೆ ಕಷ್ಟ ಅಂತ ಅವರ ಮಾತು. ಈಗ ನಮ್ಮ ಕೊಳವೆಯಲ್ಲಿ ಕಾರ್ಬನ್ ಅರ್ಧ ಪರ್ಸೆಂಟ್ ಒಳಗೆ ಬರುತ್ತಿದೆ, ಹೈಡ್ರೋಜನ್ ಅದಕ್ಕಿಂತ ಚೆನ್ನಾಗಿ. ಅದಕ್ಕೇ ಬರೆಯುತ್ತಿದ್ದೇನೆ. ಅಂಕಿಗಳು ನೆನಪಿನಿಂದ, ಒಂದೆರಡು ಮಿಲಿಗ್ರಾಂ ಆಚೀಚೆ ಇರಬಹುದು.

ಆರಿಸಿಕೊಂಡ ವಸ್ತು ಬೆಂಜಿಲ್. ಎಂ.ಎಸ್ಸಿ. ಮಕ್ಕಳು ಬೆಂಜೋಯಿನ್‌ಗೆ ನೈಟ್ರಿಕ್ ಆಮ್ಲ ಹಾಕಿ ಮಾಡುವ ಅದೇ ಹಳದಿ ಹರಳು. ಪುಕ್ಕಟೆ ಸಿಗುತ್ತದೆ, ಹವೆಯ ತೇವ ಹೀರುವುದಿಲ್ಲ.

ಜೋಡಣೆ ನಿಮಗೆಲ್ಲ ಗೊತ್ತಿರುವುದೇ. ಸಿಲಿಕಾ ಕೊಳವೆ, ಒಳಗೆ ತಂತಿ ತುಂಡಿನ ಕಾಪರ್ ಆಕ್ಸೈಡ್, ಹಳೇ ಟ್ಯೂಬ್ ಫರ್ನೇಸ್ 750 ಡಿಗ್ರಿ ಆಸುಪಾಸು. ಮುಂದೆ ಎರಡು ಯು-ಟ್ಯೂಬ್. ನೀರಿಗೆ ಮೆಗ್ನೀಸಿಯಂ ಪರ್ಕ್ಲೋರೇಟ್, ಆಮೇಲೆ ಕಾರ್ಬನ್ ಡೈಆಕ್ಸೈಡ್‌ಗೆ ಸೋಡಾ ಲೈಮ್. ಸೋಡಾ ಲೈಮ್ ಅನಿಲ ಹೀರುವಾಗ ತಾನೇ ನೀರು ಬಿಡುತ್ತದೆ. ಆದ್ದರಿಂದ ಅದೇ ಟ್ಯೂಬಿನ ಕೊನೆಯಲ್ಲಿ ಮತ್ತೆ ಎರಡು ಬೆರಳು ಪರ್ಕ್ಲೋರೇಟ್ ಹಾಕಬೇಕು. ಖರ್ಚು ಹೆಚ್ಚು ಬಿದ್ದದ್ದು ಸಿಲಿಕಾ ಕೊಳವೆಗೆ ಮತ್ತು ಪರ್ಕ್ಲೋರೇಟ್‌ಗೆ. ಸಿಲಿಂಡರ್ ಬಾಡಿಗೆ ಸೇರಿ 15,000ದ ಹತ್ತಿರ ಹೋಯಿತು. ದುಡ್ಡು ಉಳಿಸಲು ಮೊದಲು ಕ್ಯಾಲ್ಸಿಯಂ ಕ್ಲೋರೈಡ್ ಬಳಸಿ ನೋಡಿದೆವು. ಅದರಲ್ಲಿ ಸ್ವಲ್ಪ ಸುಣ್ಣದ ಅಂಶ ಇರುತ್ತದೆ, ಅದು ಕಾರ್ಬನ್ ಡೈಆಕ್ಸೈಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಆಗ ನೀರು ಜಾಸ್ತಿ, ಕಾರ್ಬನ್ ಕಡಿಮೆ ಕಾಣುತ್ತದೆ. ಆ ಉಳಿತಾಯ ಬೇಡ.

ಮೊದಮೊದಲು ಕಾರ್ಬನ್ 75ರ ಹತ್ತಿರವೇ ನಿಲ್ಲುತ್ತಿತ್ತು. ಕಾರಣ ಕಣ್ಣಿಗೇ ಕಾಣುತ್ತಿತ್ತು: ಆಕ್ಸಿಜನ್ ಒಳಬರುವ ತಣ್ಣನೆಯ ತುದಿಯಲ್ಲಿ ತೆಳ್ಳಗೆ ಹಳದಿ ಪೊರೆ. ಬೋಟ್ ಬೇಗ ಕಾಯಿಸಿದರೆ ಬೆಂಜಿಲ್ ಉರಿಯುವ ಮೊದಲೇ ಆವಿಯಾಗಿ ಹಿಂದಕ್ಕೆ ಬಂದು ಕೂರುತ್ತದೆ. ಬರ್ನರನ್ನು ಹಿಂದಿನಿಂದ ಮುಂದಕ್ಕೆ, ಅರ್ಧ ಗಂಟೆಯಷ್ಟು ಹೊತ್ತು ಸರಿಸುತ್ತಾ ಹೋದಾಗ ಪೊರೆ ನಿಂತಿತು. ನಿಧಾನ ಮಾಡಲು ಇನ್ನೊಂದು ಕಾರಣವೂ ಇದೆ. ಆಕ್ಸಿಜನ್ನಿನಲ್ಲಿ ಆವಿ ಒಟ್ಟಿಗೇ ಹೊತ್ತಿಕೊಂಡರೆ ಬಿರಡೆ ಹಾರುತ್ತದೆ. ಕಾಪರ್ ಆಕ್ಸೈಡನ್ನು ಯಾವ ರೀತಿ ತುಂಬಿದರೆ ಅನಿಲ ಪಕ್ಕದಲ್ಲಿ ನುಸುಳಿಕೊಳ್ಳುವುದಿಲ್ಲ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಲ್ಯಾಬಿಗೆ ಬಂದವರಿಗೆ ತೋರಿಸುತ್ತೇನೆ.

ತೂಕದಲ್ಲೂ ಒಂದು ತೊಡಕಿತ್ತು. ಯು-ಟ್ಯೂಬ್ ಒಳಗೆ ಆಕ್ಸಿಜನ್ ತುಂಬಿರುವಾಗಲೇ ತೂಗಿದರೆ ಎರಡು ಮೂರು ಮಿಲಿಗ್ರಾಂ ಜಾಸ್ತಿ ಬರುತ್ತದೆ, ಯಾಕೆಂದರೆ ಗಾಳಿಗಿಂತ ಆಕ್ಸಿಜನ್ ಭಾರ. ಹಾಗಾಗಿ ಕೊನೆಗೆ ಒಣಗಾಳಿ ಹಾಯಿಸಿ, ಟ್ಯೂಬ್ ತಣ್ಣಗಾದ ಮೇಲೆ ತೂಗುತ್ತೇವೆ.

ನಿಜವಾದ ಪರೀಕ್ಷೆ ಎದುರಾದದ್ದು ಜುಲೈ ಮಳೆಯಲ್ಲಿ. 201 ಮಿಲಿಗ್ರಾಂ ಬೆಂಜಿಲ್ ಸುಟ್ಟೆವು. ಕಾರ್ಬನ್ ಡೈಆಕ್ಸೈಡ್ 584, ನೀರು 103. ಲೆಕ್ಕ ಹಾಕಿದರೆ ಕಾರ್ಬನ್ 159.4 ಮಿಲಿಗ್ರಾಂ, ಹೈಡ್ರೋಜನ್ 11.5, ಉಳಿದ 30.1 ಆಕ್ಸಿಜನ್. ಪರಮಾಣು ತೂಕದಿಂದ ಭಾಗಿಸಿ ಅನುಪಾತ ತೆಗೆದರೆ 7.06 : 6.08 : 1. ಎಷ್ಟು ಚೊಕ್ಕ ಅಲ್ವಾ! C7H6O. ಇದನ್ನು ದುಪ್ಪಟ್ಟು ಮಾಡಿದರೆ C14H12O2, ಅಂದರೆ ಬೆಂಜೋಯಿನ್. "ಸರ್, ನಿಮ್ಮ ಮಕ್ಕಳ ಆಕ್ಸಿಡೇಶನ್ನೇ ಆಗಿಲ್ಲ, ಬೆಂಜೋಯಿನ್ ಹಾಗೇ ಉಳಿದಿದೆ" ಎಂದು ಸಹೋದ್ಯೋಗಿಯೊಬ್ಬರು ತೀರ್ಪು ಕೊಟ್ಟರು.

ನಾನು ಒಪ್ಪಲಿಲ್ಲ. ಹರಳು ಹಳದಿ, ಕರಗಿದ್ದು 95 ಡಿಗ್ರಿಯಲ್ಲಿ. ಬೆಂಜೋಯಿನ್ ಬಿಳಿ, ಕರಗುವುದು 137ರ ಹತ್ತಿರ. ಆಲ್ಕೋಹಾಲ್‌ನಲ್ಲಿ ಕರಗಿಸಿ ಒಂದು ತೊಟ್ಟು ಕ್ಷಾರ ಬಿಟ್ಟೆವು. ಬೆಂಜೋಯಿನ್ ಉಳಿದಿದ್ದರೆ ನೇರಳೆ ಬಣ್ಣ ಬರಬೇಕಿತ್ತು, ಬರಲಿಲ್ಲ. ಹಾಗಾದರೆ ಸುಳ್ಳು ಹೇಳುತ್ತಿದ್ದದ್ದು ನೀರಿನ ಟ್ಯೂಬ್. 201 ಮಿಲಿಗ್ರಾಂ ಬೆಂಜಿಲ್ ಕೊಡಬೇಕಾದದ್ದು 86 ಮಿಲಿಗ್ರಾಂ ನೀರು, ಅಷ್ಟೇ ಬೆಂಜೋಯಿನ್ ಕೊಡುವುದು 102. ಎರಡರ ನಡುವೆ ಇರುವುದು ಬರೀ 16 ಮಿಲಿಗ್ರಾಂ. ಕಾರ್ಬನ್ ಡೈಆಕ್ಸೈಡ್‌ನಲ್ಲಂತೂ ವ್ಯತ್ಯಾಸ ಐದಾರು ಮಿಲಿಗ್ರಾಂ ಮಾತ್ರ. ಆದ್ದರಿಂದ ಈ ಎರಡನ್ನು ಬೇರೆ ಮಾಡುವುದು ನೀರಿನ ತೂಕವೇ.

ಖಾಲಿ ಬೋಟ್ ಇಟ್ಟು ಅದೇ ಶಾಖ, ಅದೇ ಹೊತ್ತು ಬ್ಲಾಂಕ್ ಓಡಿಸಿದೆವು. ನೀರಿನ ಟ್ಯೂಬ್ 15 ಮಿಲಿಗ್ರಾಂ ಏರಿತು! ಮಳೆ ಹವೆಯಲ್ಲಿ ತೆರೆದಿಟ್ಟ ಕಾಪರ್ ಆಕ್ಸೈಡ್ ತೇವ ಕುಡಿದಿತ್ತು. ಜೊತೆಗೆ ರಬ್ಬರ್ ಕೊಳವೆಯ ಜೋಡಣೆಗಳಲ್ಲಿ ಗಾಜಿನ ತುದಿಗಳು ಒಂದಕ್ಕೊಂದು ತಾಗಿರಲಿಲ್ಲ. ತುದಿಗಳನ್ನು ಒತ್ತಿ ತಾಗಿಸಿ, ರಾತ್ರಿಯಿಡೀ ಒಣ ಆಕ್ಸಿಜನ್ ಬಿಟ್ಟು ಕೊಳವೆ ಕಾಯಿಸಿದೆವು. ಬ್ಲಾಂಕ್ ಎರಡು ಮಿಲಿಗ್ರಾಂಗೆ ಇಳಿಯಿತು, ಎರಡು ಸಲ ಓಡಿಸಿದರೂ ಅಷ್ಟೇ ಬಂತು. ಆಮೇಲೇ ಸ್ಯಾಂಪಲ್ ಇಟ್ಟದ್ದು. ಬ್ಲಾಂಕ್ ದಿನಕ್ಕೊಂದು ಥರ ಬಂದರೆ ಅದನ್ನು ಕಳೆದು ಪ್ರಯೋಜನವಿಲ್ಲ.

ಅದೇ 201 ಮಿಲಿಗ್ರಾಂ, ಈ ಸಲ ಬ್ಲಾಂಕ್ ಕಳೆದು ಕಾರ್ಬನ್ ಡೈಆಕ್ಸೈಡ್ 587, ನೀರು 88. ಕಾರ್ಬನ್ 160.2, ಹೈಡ್ರೋಜನ್ 9.85, ಆಕ್ಸಿಜನ್ 30.95. ಅನುಪಾತ 6.90 : 5.05 : 1. ಹಿಂದಿನ ಸುಳ್ಳು ಲೆಕ್ಕಕ್ಕಿಂತ ಇದು ಸ್ವಲ್ಪ ಒರಟು, ಆದರೆ ನಿಜ. 6.90 ಯಾಕೆ ಅಂದರೆ, ಆಕ್ಸಿಜನ್ನನ್ನು ನಾವು ಅಳೆಯುವುದಿಲ್ಲ, ಕಳೆದು ತೆಗೆಯುತ್ತೇವೆ. ಉಳಿದೆರಡರ ತಪ್ಪೆಲ್ಲ ಅದರ ತಲೆಗೆ ಬಂದು, ಅದೇ ಚಿಕ್ಕ ಸಂಖ್ಯೆಯಿಂದ ಭಾಗಿಸುವಾಗ ಹಿಗ್ಗುತ್ತದೆ. ಅದಕ್ಕೆ ನಾನು ಹೈಡ್ರೋಜನ್ ಮತ್ತು ಕಾರ್ಬನ್ ಅನುಪಾತವನ್ನು ಬೇರೆಯಾಗಿ ನೋಡುತ್ತೇನೆ. ಇಲ್ಲಿ 0.73 ಬಂತು. 5/7 ಅಂದರೆ 0.71, 6/7 ಅಂದರೆ 0.86. ಯಾವುದರ ಹತ್ತಿರ ಎಂಬುದರಲ್ಲಿ ಅನುಮಾನವೇ ಇಲ್ಲ.

ಎಂಪಿರಿಕಲ್ ಸೂತ್ರ C7H5O. ಇದು ಅಣುಸೂತ್ರ ಆಗಲು ಸಾಧ್ಯವಿಲ್ಲ. ಕಾರ್ಬನ್, ಹೈಡ್ರೋಜನ್, ಆಕ್ಸಿಜನ್ ಮಾತ್ರ ಇರುವ ಸ್ಥಿರ ಅಣುವಿನಲ್ಲಿ ಹೈಡ್ರೋಜನ್ ಸಮಸಂಖ್ಯೆಯೇ ಇರಬೇಕು. ಆದ್ದರಿಂದ ಕನಿಷ್ಠ ದುಪ್ಪಟ್ಟು. ಆದರೆ ನಾಲ್ಕು ಪಟ್ಟೂ ಆಗಬಹುದಲ್ಲ? ಅದಕ್ಕೆ ಕರ್ಪೂರದ ರಾಸ್ಟ್ ವಿಧಾನ. 500 ಮಿಲಿಗ್ರಾಂ ಕರ್ಪೂರಕ್ಕೆ 50 ಮಿಲಿಗ್ರಾಂ ಬೆಂಜಿಲ್ ಹಾಕಿ ಕರಗಿಸಿದರೆ, ಅಣುತೂಕ 210 ಇದ್ದಾಗ ಕರಗುವ ಬಿಂದು 19 ಡಿಗ್ರಿ ಇಳಿಯಬೇಕು, 420 ಇದ್ದರೆ ಒಂಬತ್ತೂವರೆ. ನಮಗೆ 18ರಿಂದ 19 ಬಂತು. C14H10O2 ಖಾತ್ರಿ. ಪೂಜೆ ಅಂಗಡಿಯ ಕರ್ಪೂರದಲ್ಲೂ ಮಾಡಿ ನೋಡಿದೆ. ಅದು ತಾನೇ 178ಕ್ಕಿಂತ ಎಷ್ಟೋ ಕೆಳಗೆ, ಐದಾರು ಡಿಗ್ರಿ ಎಳೆದುಕೊಂಡು ಕರಗಿತು. ಸಬ್ಲೈಮ್ ಮಾಡಿ, ನಾಫ್ತಲೀನ್ ಹಾಕಿ ಸ್ಥಿರಾಂಕ ತೆಗೆದ ಮೇಲೆ ಅದೂ ಕೆಲಸಕ್ಕೆ ಬಂತು. ನೂರಾರು ರೂಪಾಯಿ ಉಳಿಯಿತು.

ಮಧ್ಯೆ ಸಕ್ಕರೆಯನ್ನೂ ಸುಟ್ಟು ನೋಡಿದೆವು. ಅದು ಉಬ್ಬಿ, ಕರಿಯಾಗಿ ಬೋಟ್‌ನಿಂದ ಹೊರಗೆ ಚೆಲ್ಲುತ್ತದೆ. ಕಾಪರ್ ಆಕ್ಸೈಡ್ ಪುಡಿಯಲ್ಲಿ ಕಲಸಿ ಇಟ್ಟರೆ ಇದ್ದಲ್ಲೇ ಉರಿಯುತ್ತದೆ, ಕಾರ್ಬನ್ 42ರ ಹತ್ತಿರ ಬರುತ್ತದೆ. ಸಕ್ಕರೆಗೆ ರಾಸ್ಟ್ ನಡೆಯುವುದಿಲ್ಲ, ಅದು ಕರ್ಪೂರದಲ್ಲಿ ಕರಗುವುದಿಲ್ಲ. ದ್ರವಗಳಿಗೆ ತೆಳು ಗಾಜಿನ ಗುಳ್ಳೆ ಎಳೆದು, ಮುಚ್ಚಿ ತೂಗಿ, ಬೋಟ್‌ನಲ್ಲಿ ತುದಿ ಮುರಿದು ಇಡಬೇಕು. ಬೆಂಜಾಲ್ಡಿಹೈಡ್‌ಗೆ ಈಗ ಅದನ್ನೇ ಮಾಡುತ್ತಿದ್ದೇವೆ.