ಮೆಕ್ಕೆಜೋಳ ಬಿಟ್ಟು ಮೆಡಿಕಲ್ ಶಾಪ್ ಹಿಡಿದ ಕಥೆ

ದಾವಣಗೆರೆಯ ಆಡಿಟರ್ ಒಬ್ಬರ ಆಫೀಸಿನಲ್ಲಿ ಆರು ವರ್ಷ ಲೆಕ್ಕ ಬರೆದು, ಸ್ವಂತ ಕೆಲಸ ಶುರು ಮಾಡಿದೆ. ಯಾರದ್ದಾದರೂ ಸರಿ, ಲೆಕ್ಕ ಬರೆದುಕೊಡುತ್ತೇನೆ ಅಂತ ಹೇಳಿಕೊಂಡು ತಿರುಗಿದೆ. ಮೂರು ತಿಂಗಳಾದರೂ ಯಾರೂ ತಿರುಗಿ ಫೋನ್ ಮಾಡಲಿಲ್ಲ. ಒಂದೇ ಬಗೆಯ ಗಿರಾಕಿಗಳನ್ನು ಹಿಡಿಯೋಣ ಅಂದುಕೊಂಡೆ.

ಮೊದಲು ಕಣ್ಣಿಗೆ ಬಿದ್ದವರು ಎಪಿಎಂಸಿಯ ಮೆಕ್ಕೆಜೋಳದ ವರ್ತಕರು. ನಮ್ಮೂರಲ್ಲಿ ಅವರು ಜಾಸ್ತಿ, ವಹಿವಾಟೂ ದೊಡ್ಡದು. ಆದರೆ ದೊಡ್ಡ ಚೀಲಗಳಲ್ಲಿ ಮಾರುವ ಜೋಳಕ್ಕೆ ಜಿಎಸ್‌ಟಿ ಇಲ್ಲ. ತಿಂಗಳು ತಿಂಗಳು ಖರೀದಿ ಬಿಲ್‌ಗಳನ್ನು ಜಿಎಸ್‌ಟಿ ಪೋರ್ಟಲ್ ಜೊತೆ ತಾಳೆ ನೋಡುವ ಕೆಲಸವೇ ಅಲ್ಲಿ ಹುಟ್ಟುವುದಿಲ್ಲ. ಗಿರಾಕಿಗಳು ಎಷ್ಟಿದ್ದಾರೆ ಅಂತ ಎಣಿಸಿದ್ದೆ, ಅವರ ತಲೆನೋವು ಏನು ಅಂತ ಕೇಳಿರಲಿಲ್ಲ.

ಹಳೆ ಆಫೀಸನ್ನು ನೆನಪಿಸಿಕೊಂಡೆ. ಪ್ರತಿ ತಿಂಗಳು 14ರಿಂದ 20ರೊಳಗೆ ಗಾಬರಿಯಿಂದ ಓಡಿ ಬರುತ್ತಿದ್ದವರು ಯಾರು? ಮೆಡಿಕಲ್ ಶಾಪಿನವರು. 14ಕ್ಕೆ ಪೋರ್ಟಲ್‌ನಲ್ಲಿ ಜಿಎಸ್‌ಟಿಆರ್-2ಬಿ ಬರುತ್ತದೆ, ಅಂದರೆ ಮಾಲು ಕೊಟ್ಟವರು ತಮ್ಮ ರಿಟರ್ನ್‌ನಲ್ಲಿ ತೋರಿಸಿದ ಬಿಲ್‌ಗಳ ಪಟ್ಟಿ. ಖರೀದಿ ಬಿಲ್ ಅದರಲ್ಲಿ ಕಾಣದಿದ್ದರೆ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆಯಲು ಆಗುವುದಿಲ್ಲ. 20ರೊಳಗೆ 3ಬಿ ರಿಟರ್ನ್ ಹಾಕಿ ತೆರಿಗೆ ಕಟ್ಟಬೇಕು.

ಒಂದು ಅಂಗಡಿಯ ಲೆಕ್ಕವನ್ನು ಪುಕ್ಕಟೆಯಾಗಿ ನೋಡಿಕೊಟ್ಟೆ. 19 ಡಿಸ್ಟ್ರಿಬ್ಯೂಟರ್‌ಗಳಿಂದ 140 ಬಿಲ್. ಅದರಲ್ಲಿ 11 ತಾಳೆಯಾಗಲಿಲ್ಲ. "ತೆರಿಗೆ ಸೇರಿಸಿಯೇ ದುಡ್ಡು ಕೊಟ್ಟೀನಲ್ಲಪ್ಪಾ, ಮತ್ತೆ ಯಾಕೆ ಕಟ್ಟಬೇಕು?" ಅಂದರು ಅಂಗಡಿಯವರು. ಒಂದೊಂದಾಗಿ ಹುಡುಕಿದೆ. ಆರು ಬಿಲ್‌ಗಳ ನಂಬರನ್ನು ಅಂಗಡಿಯಲ್ಲೇ ತಪ್ಪಾಗಿ ಟೈಪ್ ಮಾಡಿದ್ದರು. ಮೂರು ಬಿಲ್ ಕೊಟ್ಟವರು ಮೂರು ತಿಂಗಳಿಗೊಮ್ಮೆ ರಿಟರ್ನ್ ಹಾಕುವವರು, ಅವು ಆಮೇಲೆ ಬರುತ್ತವೆ. ಇನ್ನೆರಡು ಬೇರೆ ಅಂಗಡಿಯ ಜಿಎಸ್‌ಟಿ ನಂಬರಿಗೆ ಹೋಗಿದ್ದವು. ಡಿಸ್ಟ್ರಿಬ್ಯೂಟರ್‌ಗೆ ಫೋನ್ ಮಾಡಿ, ಮುಂದಿನ ರಿಟರ್ನ್‌ನಲ್ಲಿ ತಿದ್ದಿಸಿದೆ. ಎಕ್ಸ್‌ಪೈರಿ ಮಾಲು ವಾಪಸ್ ಕಳಿಸಿದ್ದಕ್ಕೆ ಬಂದ ಕ್ರೆಡಿಟ್ ನೋಟನ್ನು ಇವರು ಪುಸ್ತಕಕ್ಕೆ ಹತ್ತಿಸಿಯೇ ಇರಲಿಲ್ಲ. ಅಷ್ಟು ಕ್ರೆಡಿಟ್ ಜಾಸ್ತಿ ತೆಗೆದುಕೊಂಡಂತೆ ಆಗುತ್ತಿತ್ತು, ಅದನ್ನೂ ಕಳೆದೆ.

ಇದೆಲ್ಲಕ್ಕೆ ಐದು ಗಂಟೆ ಹಿಡಿಯಿತು. ಎರಡನೇ ಅಂಗಡಿಗೆ ಮೂರೇ ಗಂಟೆ ಸಾಕಾಯಿತು. ಯಾಕಂದರೆ ಊರಿನ ಮೆಡಿಕಲ್ ಶಾಪ್‌ಗಳಿಗೆಲ್ಲ ಮಾಲು ಕೊಡುವವರು ಹೆಚ್ಚುಕಡಿಮೆ ಅವರೇ. ಯಾರು ಯಾವಾಗ ರಿಟರ್ನ್ ಹಾಕುತ್ತಾರೆ, ಬಿಲ್ ನಂಬರ್ ಹೇಗೆ ಬರೆಯುತ್ತಾರೆ ಅಂತ ಒಂದು ಸಲ ಗೊತ್ತಾದರೆ ಮುಂದಿನ ಅಂಗಡಿಗೂ ಅದೇ ಉಪಯೋಗಕ್ಕೆ ಬರುತ್ತದೆ. ಹತ್ತು ಬಗೆಯ ಗಿರಾಕಿಗಳಿದ್ದಾಗ ಈ ಲಾಭ ಇರುವುದಿಲ್ಲ ಅಲ್ವಾ?

ಒಂದು ಮಾತನ್ನು ಮೊದಲೇ ಕೇಳಿಬಿಡುತ್ತೇನೆ: "ನೀವು ಕಾಂಪೊಸಿಷನ್‌ನಲ್ಲಿ ಇದ್ದೀರಾ?" ಅದು ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಇಂತಿಷ್ಟು ಅಂತ ತೆರಿಗೆ ಕಟ್ಟುವ ಸ್ಕೀಮ್. ಹೌದು ಅಂದರೆ ಅವರಿಗೆ ಇನ್‌ಪುಟ್ ಕ್ರೆಡಿಟ್ ಇಲ್ಲ, ನನ್ನ ಕೆಲಸವೂ ಬೇಕಾಗಿಲ್ಲ. ನಾನು ಮೊದಲು ಸುತ್ತಿದ 22 ಅಂಗಡಿಗಳಲ್ಲಿ ಒಂಬತ್ತು ಹಾಗೇ ಇದ್ದವು. ಆಡಿಟ್ ಬೇಕು ಅಂದವರನ್ನು ಸಿಎ ಹತ್ತಿರ ಕಳಿಸುತ್ತೇನೆ.

ಈಗ 17 ಅಂಗಡಿಗಳಿವೆ, ಒಂದಕ್ಕೆ ತಿಂಗಳಿಗೆ 1,500 ರೂಪಾಯಿ. ಪೂರ್ತಿ ಕೆಲಸ 14ರಿಂದ 20ರ ನಡುವಿನ ಏಳು ದಿನಕ್ಕೇ ಬಂದು ಬೀಳುತ್ತದೆ. ಹಾಗಾಗಿ ಇನ್ನು ಮೂರು ಅಂಗಡಿ ಸೇರಿಸಿಕೊಂಡು 20ಕ್ಕೆ ನಿಲ್ಲಿಸುತ್ತೇನೆ.